ಕೆಸರು ನೀರಿಗೆ ನುಗ್ಗೆ ಬೀಜ: ಜಿಲ್ಲಾ ವಿಜ್ಞಾನ ಪ್ರದರ್ಶನಕ್ಕೊಂದು ಪ್ರಯೋಗ

ಪ್ರೀತಿಯ ಸಹನಾ,

ಜಿಲ್ಲಾ ವಿಜ್ಞಾನ ಪ್ರದರ್ಶನಕ್ಕೆ ಏನು ಮಾಡಲಿ ಅಂತ ಕೇಳಿದ್ದೆ. ಜ್ವಾಲಾಮುಖಿ ಮಾದರಿ ಬೇಡ, ಅದರಲ್ಲಿ ಅಳೆಯುವುದಕ್ಕೆ ಏನೂ ಇರುವುದಿಲ್ಲ. ಛಾವಣಿಗೆ ಸುಣ್ಣ ಬಳಿದರೆ ಒಳಗಿನ ಬಿಸಿ ಎಷ್ಟು ಇಳಿಯುತ್ತದೆ ಎಂದು ಎರಡು ಪೆಟ್ಟಿಗೆ, ಎರಡು ಥರ್ಮಾಮೀಟರ್ ಇಟ್ಟು ನೋಡಬಹುದು. ಆದರೆ ನಿನಗೆ ಇನ್ನೂ ಒಳ್ಳೆಯದು ನುಗ್ಗೆ ಬೀಜ. ಅದು ಕೆಸರು ನೀರನ್ನು ತಿಳಿಯಾಗಿಸುತ್ತದೆ ಅನ್ನುವುದು ಹಲವರಿಗೆ ಗೊತ್ತು. ಎಷ್ಟು ಹಾಕಿದರೆ ಸರಿ? ಅದನ್ನು ನೀನು ಅಳೆದು ತೋರಿಸು.

ಮೊದಲು ಒಣ ಬೀಜದ ಸಿಪ್ಪೆ ಸುಲಿದು, ಬಿಳಿ ತಿರುಳನ್ನು ನುಣ್ಣಗೆ ಪುಡಿ ಮಾಡು. 1 ಗ್ರಾಂ ಪುಡಿಯನ್ನು 100 ಮಿ.ಲೀ. ಶುದ್ಧ ನೀರಿನಲ್ಲಿ ಚೆನ್ನಾಗಿ ಕಲಕಿ, ತೆಳು ಬಟ್ಟೆಯಲ್ಲಿ ಸೋಸು. ಇದನ್ನು ಅವತ್ತೇ ಬಳಸಬೇಕು, ಇಟ್ಟರೆ ಕೆಡುತ್ತದೆ.

ಬಕೆಟ್ ನೀರಿಗೆ ಮಣ್ಣು ಕಲಸಿ ಹತ್ತು ನಿಮಿಷ ಬಿಡು. ದಪ್ಪ ಕಣಗಳು ತಳಕ್ಕೆ ಹೋದ ಮೇಲೆ, ಮೇಲಿನ ನೀರನ್ನು ಒಂದೇ ತರಹದ ಐದು ಗಾಜಿನ ಜಾಡಿಗಳಿಗೆ ಅರ್ಧ ಲೀಟರ್‌ನಂತೆ ಸುರಿ. ಸೂಜಿಯಿಲ್ಲದ ಸಿರಿಂಜ್‌ನಿಂದ ನಾಲ್ಕು ಜಾಡಿಗೆ 2.5, 5, 10, 20 ಮಿ.ಲೀ. ಸೋಸಿದ ದ್ರಾವಣ ಹಾಕು. ಐದನೆಯದಕ್ಕೆ ಏನೂ ಹಾಕಬೇಡ, ಆದರೆ ಅದನ್ನೂ ಉಳಿದವುಗಳಷ್ಟೇ ಕಲಕು. ಇಲ್ಲದಿದ್ದರೆ ಮಣ್ಣು ತಾನಾಗಿಯೇ ಇಳಿಯಿತೋ, ಬೀಜದಿಂದ ಇಳಿಯಿತೋ ಹೇಳಲಾಗುವುದಿಲ್ಲ.

ಒಂದು ನಿಮಿಷ ಜೋರಾಗಿ, ಆಮೇಲೆ ಹತ್ತು ನಿಮಿಷ ತೀರಾ ನಿಧಾನವಾಗಿ ಕಲಕಬೇಕು. ಹತ್ತಿರದಿಂದ ನೋಡಿದರೆ ಹತ್ತಿಯಂಥ ಚಿಕ್ಕ ಉಂಡೆಗಳು ಕಾಣುತ್ತವೆ. ಆಗ ಅವಸರ ಮಾಡಿದರೆ ಅವು ಒಡೆದುಹೋಗುತ್ತವೆ. ನಂತರ ಒಂದು ಗಂಟೆ ಅಲುಗಾಡಿಸಬೇಡ.

ಈಗ ಅಳತೆ. ಶೂ ಡಬ್ಬಿಯ ಒಳಗೆಲ್ಲ ಕಪ್ಪು ಕಾಗದ ಅಂಟಿಸಿ, ನಡುವೆ ಒಂದು ಗಾಜಿನ ಲೋಟ ಇಡು. ಲೋಟದ ಒಂದು ಬದಿಗೆ ಬಿಳಿ ಎಲ್‌ಇಡಿ, ಎದುರು ಬದಿಗೆ ಎಲ್‌ಡಿಆರ್, ಅಂದರೆ ಬೆಳಕು ಹೆಚ್ಚು ಬಿದ್ದಷ್ಟೂ ರೋಧ ಇಳಿಯುವ ರೆಸಿಸ್ಟರ್, ಬರಲಿ. ಎಲ್‌ಇಡಿಗೆ 9 ವೋಲ್ಟ್ ಬ್ಯಾಟರಿಯ ಜೊತೆ 470 ಓಮ್ ರೆಸಿಸ್ಟರ್ ಬೇಕೇ ಬೇಕು, ಇಲ್ಲದಿದ್ದರೆ ಸುಟ್ಟುಹೋಗುತ್ತದೆ. ಎಲ್‌ಡಿಆರ್ ಅನ್ನು ಮಲ್ಟಿಮೀಟರ್‌ಗೆ ಜೋಡಿಸು. ನೀರು ತಿಳಿಯಾದಷ್ಟೂ ಬೆಳಕು ಜಾಸ್ತಿ ದಾಟುತ್ತದೆ, ಓಮ್ ಕಡಿಮೆಯಾಗುತ್ತದೆ. ಜಾಡಿಗಳ ಮೇಲ್ಭಾಗದ ನೀರನ್ನೇ ಸಿರಿಂಜ್‌ನಲ್ಲಿ ತೆಗೆದು, ಪ್ರತಿ ಸಲ ಅದೇ ಲೋಟಕ್ಕೆ ಹಾಕು. ಮುಚ್ಚಳ ಮುಚ್ಚಿ, ಅಂಕಿ ನಿಂತ ಮೇಲೆ ಬರೆದುಕೋ. ನಡುನಡುವೆ ಶುದ್ಧ ನೀರನ್ನೂ ಅಳೆ. ಅದರ ಅಂಕಿಯೇ ಬದಲಾಗುತ್ತಿದ್ದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಡಬ್ಬಿಯೊಳಗೆ ಹೊರಗಿನ ಬೆಳಕು ನುಗ್ಗುತ್ತಿದೆ.

20 ಮಿ.ಲೀ. ಹಾಕಿದ ಜಾಡಿ 10 ಮಿ.ಲೀ. ಹಾಕಿದ್ದಕ್ಕಿಂತ ಮಸುಕಾಗಿದ್ದರೆ ಗಾಬರಿ ಬೇಡ, ಆ ಅಂಕಿಯನ್ನು ಬಿಡಲೂಬೇಡ. ಮಣ್ಣಿನ ಕಣಗಳಿಗೆ ಋಣ ವಿದ್ಯುದಂಶ, ಬೀಜದ ಪ್ರೋಟೀನಿಗೆ ಧನ ವಿದ್ಯುದಂಶ. ಹದವಾಗಿದ್ದರೆ ಕಣಗಳು ಒಂದಕ್ಕೊಂದು ಅಂಟಿ ಇಳಿಯುತ್ತವೆ. ಜಾಸ್ತಿಯಾದರೆ ಪ್ರೋಟೀನು ಪ್ರತಿ ಕಣವನ್ನೂ ಸುತ್ತಿಕೊಂಡು, ಅವು ಮತ್ತೆ ಪರಸ್ಪರ ದೂರ ತಳ್ಳುತ್ತವೆ. ನಿನ್ನ ಗ್ರಾಫಿನಲ್ಲಿ ತೀರ್ಪುಗಾರರಿಗೆ ಮೊದಲು ತೋರಿಸಬೇಕಾದದ್ದೇ ಆ ತಿರುವು.

"ಈ ನೀರು ಕುಡಿಯಬಹುದಾ?" ಎಂದು ಅವರು ಕೇಳಿಯೇ ಕೇಳುತ್ತಾರೆ. ಇಲ್ಲ ಅಂತ ನೇರವಾಗಿ ಹೇಳು. ಮಣ್ಣಿನ ಜೊತೆ ಒಂದಷ್ಟು ರೋಗಾಣು ಇಳಿಯುತ್ತವೆ, ಎಲ್ಲವೂ ಅಲ್ಲ. ಕುದಿಸಲೇಬೇಕು.

ಸೋಮವಾರ ಲ್ಯಾಬ್‌ಗೆ ಬಾ, ತಕ್ಕಡಿ ತೆಗೆದಿಟ್ಟಿರುತ್ತೇನೆ.

ಇಂತಿ,
ನಿನ್ನ ವಿಜ್ಞಾನ ಮೇಷ್ಟ್ರು