ಫೋನ್ ಬಂದ ಗಳಿಗೆಯಿಂದಲ್ಲ: ಒಂದು ಪೋಸ್ಟ್‌ಮಾರ್ಟಂ ವರದಿ ತಿದ್ದಿದ ಅನುಭವ

ಮೈಸೂರಿನ ನಮ್ಮ ಕಚೇರಿಯಿಂದ ಮಂಡ್ಯ ಜಿಲ್ಲೆಯ ಕೆಲವು ಹಾಲು ಉತ್ಪಾದಕರ ಸಂಘಗಳಿಗೆ ಹಾಲು ಶೇಖರಣೆಯ ತಂತ್ರಾಂಶ ಒದಗಿಸುತ್ತೇವೆ. ರೈತರು ತಂದ ಹಾಲಿನ ಅಳತೆ, ಫ್ಯಾಟ್, ಕೊಬ್ಬಲ್ಲದ ಘನಾಂಶವಾದ ಎಸ್‌ಎನ್‌ಎಫ್ ದಾಖಲಾಗಿ ಚೀಟಿ ಬರುವುದು ಅದರಿಂದಲೇ. ಒಂದು ಬೆಳಿಗ್ಗೆ ಶೇಖರಣೆಯ ಹೊತ್ತಿನಲ್ಲೇ ಡೇಟಾಬೇಸ್ ನಿಂತುಹೋಯಿತು. ಸರ್ವರ್ ನೋಡಿಕೊಳ್ಳುವ ಕಿರಿಯ ಸಹೋದ್ಯೋಗಿ ಅಂದೇ ಸಂಜೆ ವರದಿ ಬರೆದುಕೊಟ್ಟರು:

"ಬೆಳಿಗ್ಗೆ 6:40ಕ್ಕೆ ಸರ್ವರ್ ಸ್ಥಗಿತಗೊಂಡಿತು. ಡಿಸ್ಕ್ ತುಂಬಿತ್ತು. ಜಾಗ ಹೆಚ್ಚಿಸಿ 7:35ಕ್ಕೆ ಸರಿಪಡಿಸಲಾಯಿತು. ಕೆಲವು ಸಂಘಗಳಿಗೆ ತೊಂದರೆಯಾಯಿತು. ಹಳೆಯ ರೆಪ್ಲಿಕಾ ತೆಗೆದಾಗ ಅದರ ಸ್ಲಾಟ್ ಅಳಿಸಲು ನಾನು ಮರೆತಿದ್ದೆ. ಇನ್ನು ಮುಂದೆ ಎಚ್ಚರ ವಹಿಸುತ್ತೇನೆ."

ಇದರಲ್ಲಿ ಬೇಕೆಂದೇ ಹೇಳಿದ ಸುಳ್ಳೇನೂ ಇರಲಿಲ್ಲ. ಆದರೆ ಇದನ್ನು ಓದಿದವರು ನಾಳೆ ಬೆಳಿಗ್ಗೆ ಯಾವ ಕೆಲಸ ಕೈಗೆತ್ತಿಕೊಳ್ಳಬೇಕೆಂದು ತಿಳಿಯುವಂತಿರಲಿಲ್ಲ. ಇಬ್ಬರೂ ಕೂತು ಇದನ್ನು ಪೋಸ್ಟ್‌ಮಾರ್ಟಂ ರೂಪಕ್ಕೆ, ಅಂದರೆ ಏನಾಯಿತು, ಏಕಾಯಿತು, ಮತ್ತೆ ಆಗದಂತೆ ಏನು ಮಾಡಬೇಕು ಎಂದು ಹೇಳುವ ವರದಿಯ ರೂಪಕ್ಕೆ ತಂದೆವು. ಕಾರಣದ ಮಾತನ್ನು ಬದಿಗಿಟ್ಟು ಮೊದಲು ಘಟನಾಕ್ರಮವನ್ನಷ್ಟೇ ಬರೆದೆವು.

6:40 ಎಂಬುದು ಸಂಘವೊಂದರ ಕಾರ್ಯದರ್ಶಿಯ ಫೋನ್ ಬಂದ ಸಮಯ. ಡೇಟಾಬೇಸ್ ಲಾಗ್‌ನಲ್ಲಿ ಕೊನೆಯ ಸಾಲು ಹೀಗಿತ್ತು:

```
00:42:17 UTC PANIC: could not write to file
"pg_wal/xlogtemp.2113": No space left on device
```

ಸರ್ವರ್ ಯುಟಿಸಿ ಸಮಯದಲ್ಲಿ ಬರೆಯುತ್ತದೆ. ಐದೂವರೆ ಗಂಟೆ ಕೂಡಿಸಿದರೆ ನಮ್ಮ 6:12. ಅಂದರೆ ನಮಗೆ ಗೊತ್ತಾಗುವ ಮೊದಲೇ 28 ನಿಮಿಷ ಕಳೆದಿತ್ತು. ಲಾಗ್, ಫೋನ್ ಕರೆ, ವಾಟ್ಸ್ಆ್ಯಪ್ ಸಂದೇಶ ಎಲ್ಲವನ್ನೂ ಭಾರತೀಯ ಸಮಯಕ್ಕೆ ತಂದ ಮೇಲೆಯೇ ಸಾಲುಗಳನ್ನು ಜೋಡಿಸಬೇಕು. ಇಲ್ಲದಿದ್ದರೆ ಪರಿಹಾರ ಮೊದಲು, ತೊಂದರೆ ಆಮೇಲೆ ಬಂದಂತೆ ಕಾಣುತ್ತದೆ.

ಮತ್ತೂ ಹಿಂದಕ್ಕೆ ಹೋದೆವು. ನಮ್ಮ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್ ಪ್ರತಿ ಬದಲಾವಣೆಯನ್ನೂ ವಾಲ್ ಎಂಬ ಕಡತಗಳಲ್ಲಿ ಬರೆಯುತ್ತದೆ; ರೆಪ್ಲಿಕಾ, ಅಂದರೆ ನಕಲು ಸರ್ವರ್, ಅವನ್ನು ಓದಿಕೊಳ್ಳುತ್ತದೆ. ರೆಪ್ಲಿಕಾ ಎಲ್ಲಿಯವರೆಗೆ ಓದಿದೆ ಎಂಬ ಗುರುತಾದ ರೆಪ್ಲಿಕೇಶನ್ ಸ್ಲಾಟ್ ಇದ್ದರೆ, ಅದು ಇನ್ನೂ ಓದಿಕೊಳ್ಳದ ವಾಲ್ ಕಡತಗಳನ್ನು ಮುಖ್ಯ ಸರ್ವರ್ ಅಳಿಸುವುದಿಲ್ಲ. ರೆಪ್ಲಿಕಾವನ್ನೇ ತೆಗೆದುಹಾಕಿದ್ದರೂ ಸ್ಲಾಟ್ ಅದಕ್ಕಾಗಿ ಕಾಯುತ್ತಲೇ ಇರುತ್ತದೆ, ಡಿಸ್ಕ್ ತುಂಬುತ್ತಲೇ ಹೋಗುತ್ತದೆ. ಪತ್ತೆ ಹಚ್ಚುವುದು ಸುಲಭ:

```
SELECT slot_name, active, restart_lsn
FROM pg_replication_slots;
```

`active` ಕಾಲಂನಲ್ಲಿ `f` ಎಂದಿದ್ದು `restart_lsn` ಮುಂದಕ್ಕೆ ಸರಿಯದಿದ್ದರೆ ಅನುಮಾನ ಪಡಬೇಕು. ಹೀಗಾಗಿ ಘಟನಾಕ್ರಮದ ಮೊದಲ ಸಾಲು, ಮೂರು ವಾರ ಹಿಂದೆ ರೆಪ್ಲಿಕಾ ತೆಗೆದ ಮಧ್ಯಾಹ್ನಕ್ಕೆ ಹೋಯಿತು. ನಡುವೆ ಇನ್ನೊಂದು ಸಾಲು ಸಿಕ್ಕಿತು: ಹಿಂದಿನ ರಾತ್ರಿ ಡಿಸ್ಕ್ 90 ಶೇಕಡಾ ದಾಟಿದಾಗ ಎಚ್ಚರಿಕೆಯ ಇಮೇಲ್ ಹೋಗಿತ್ತು, ರಾತ್ರಿ ಯಾರೂ ನೋಡದ ವಿಳಾಸಕ್ಕೆ. ಈ ಎರಡು ಸಾಲುಗಳು ಬಂದ ಮೇಲೆ ಮೂಲ ಕಾರಣ ಬರೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಸರ್, ಮರೆತದ್ದು ನಾನೇ ಅಲ್ಲವೇ? ಅದನ್ನೇಕೆ ತೆಗೆಯಬೇಕು?" ಎಂದು, "ನಾನು ಮರೆತಿದ್ದೆ" ಎಂಬ ಸಾಲನ್ನು ವರದಿಯಿಂದ ಕೈಬಿಟ್ಟಾಗ ಸಹೋದ್ಯೋಗಿ ಕೇಳಿದರು. ರೆಪ್ಲಿಕಾ ತೆಗೆಯುವ ನಮ್ಮ ಕ್ರಮಪಟ್ಟಿಯನ್ನು ತೆರೆದು ತೋರಿಸಿದೆ. ಸ್ಲಾಟ್ ಅಳಿಸುವ ಹೆಜ್ಜೆಯೇ ಅದರಲ್ಲಿ ಇರಲಿಲ್ಲ. ಯಾರೇ ಆ ಕೆಲಸ ಮಾಡಿದ್ದರೂ ಇದೇ ಆಗುತ್ತಿತ್ತು. ವ್ಯಕ್ತಿಯ ಹೆಸರು ಬರೆದ ಕೂಡಲೇ ಓದುವವರ ಪ್ರಶ್ನೆಗಳು ನಿಲ್ಲುತ್ತವೆ. ಆದ್ದರಿಂದ ಮೂಲ ಕಾರಣವನ್ನು ಹೀಗೆ ಬರೆದೆವು: ಕ್ರಮಪಟ್ಟಿಯಲ್ಲಿ ಸ್ಲಾಟ್ ಅಳಿಸುವ ಹೆಜ್ಜೆ ಇಲ್ಲ, ಸ್ಲಾಟ್ ಹಿಡಿದಿಡುವ ವಾಲ್‌ಗೆ ಮಿತಿಯಿಲ್ಲ, ಎಚ್ಚರಿಕೆ ತಲುಪಬೇಕಾದವರಿಗೆ ತಲುಪಲಿಲ್ಲ. ಡಿಸ್ಕ್ ತುಂಬಿದ್ದು ಇವುಗಳ ಫಲ ಮಾತ್ರ.

ಪರಿಣಾಮದ ಭಾಗದಲ್ಲಿ "ಕೆಲವು ಸಂಘಗಳು" ಎಂಬುದನ್ನು ತೆಗೆದೆವು. ಹಿಂದಿನ ವಾರದ ಅದೇ ದಿನ 6:12ರಿಂದ 7:35ರವರೆಗೆ ದಾಖಲೆ ಕಳಿಸಿದ್ದ ಸಂಘಗಳ ಪಟ್ಟಿ ತೆಗೆದು, ಆ ಬೆಳಿಗ್ಗೆ ಕಳಿಸಲಾಗದವುಗಳ ಹೆಸರನ್ನು ಒಂದೊಂದಾಗಿ ಬರೆದೆವು. ಸರ್ವರ್ ಎದ್ದ ಮಾತ್ರಕ್ಕೆ ತೊಂದರೆ ಮುಗಿದಿರಲಿಲ್ಲ. ಕಾರ್ಯದರ್ಶಿಗಳು ಪುಸ್ತಕದಲ್ಲಿ ಬರೆದುಕೊಂಡ ಲೆಕ್ಕವನ್ನು ಮಧ್ಯಾಹ್ನದವರೆಗೂ ಏರಿಸುತ್ತಿದ್ದರು, ಕೆಲವು ರೈತರ ಹಾಲು ಎರಡೆರಡು ಬಾರಿ ದಾಖಲಾಗಿತ್ತು. ಹಾಲಿನ ಹಣ ಪಾವತಿಯಾಗುವುದು ಈ ದಾಖಲೆಯ ಮೇಲೆಯೇ. ಹಾಗಾಗಿ ಸರ್ವರ್ ಎದ್ದ ಸಮಯವನ್ನೂ ಲೆಕ್ಕ ಸರಿಹೋದ ಸಮಯವನ್ನೂ ಬೇರೆ ಬೇರೆಯಾಗಿ ನಮೂದಿಸಿದೆವು.

ಸರಿಪಡಿಸುವ ಕ್ರಮಗಳಲ್ಲಿ "ಎಚ್ಚರ ವಹಿಸುತ್ತೇನೆ" ಎಂಬುದಕ್ಕೆ ಜಾಗವಿಲ್ಲ, ಅದು ಆಯಿತೇ ಇಲ್ಲವೇ ಎಂದು ಯಾರೂ ಪರೀಕ್ಷಿಸಲಾರರು. ಕ್ರಮಪಟ್ಟಿಗೆ `pg_drop_replication_slot` ಹೆಜ್ಜೆ ಸೇರಿಸುವುದು, ಡಿಸ್ಕ್ ಎಚ್ಚರಿಕೆಯನ್ನು ಪಾಳಿಯಲ್ಲಿರುವವರ ಮೊಬೈಲ್‌ಗೆ ಕರೆಯಾಗಿ ಕಳಿಸುವುದು, ಎರಡು ಸಲ ದಾಖಲಾದ ಹಾಲನ್ನು ತಂತ್ರಾಂಶವೇ ಹಿಡಿಯುವಂತೆ ಮಾಡುವುದು: ಪ್ರತಿಯೊಂದರ ಮುಂದೆ ಜವಾಬ್ದಾರರ ಹೆಸರು, ಮುಗಿಸಬೇಕಾದ ದಿನಾಂಕ ಬರೆದೆವು. ಹೆಸರು ಬೇಕಾದದ್ದು ಇಲ್ಲಿ.

ಒಂದು ಕ್ರಮದ ಬಗ್ಗೆ ಚರ್ಚೆ ಬೆಳೆಯಿತು. ಪೋಸ್ಟ್‌ಗ್ರೆಸ್ 13ರಿಂದ `max_slot_wal_keep_size` ಎಂಬ ಮಿತಿ ಇದೆ; ಹಾಗೇ ಬಿಟ್ಟರೆ ಅದರ ಬೆಲೆ -1, ಅಂದರೆ ಮಿತಿಯಿಲ್ಲ. ಮಿತಿ ಹಾಕಿದರೆ ಮುಖ್ಯ ಸರ್ವರ್ ಉಳಿಯುತ್ತದೆ. ಆದರೆ ನಿಜವಾಗಿ ಬಳಕೆಯಲ್ಲಿರುವ ರೆಪ್ಲಿಕಾ ಹೆಚ್ಚು ಹೊತ್ತು ಸಂಪರ್ಕ ಕಳೆದುಕೊಂಡರೆ ಅದರ ಸ್ಲಾಟ್ ಅಮಾನ್ಯವಾಗಬಹುದು, ಆಗ ರೆಪ್ಲಿಕಾವನ್ನು ಮೊದಲಿನಿಂದ ಕಟ್ಟಬೇಕಾಗಬಹುದು. ಬೆಳಗಿನ ಶೇಖರಣೆ ನಿಲ್ಲುವುದಕ್ಕಿಂತ ಅದೇ ಮೇಲೆಂದು ಒಪ್ಪಿ, ಮಿತಿ ಹಾಕಿದೆವು. ಒಪ್ಪಿದ್ದಕ್ಕೆ ಕಾರಣವನ್ನೂ ಆ ಸಾಲಿನ ಕೆಳಗೇ ಬರೆದಿಟ್ಟೆವು.