ಮೇಷ್ಟ್ರ ನೋಟ್‌ಬುಕ್ಕು ಮತ್ತು ಒಂದು ಪ್ಯಾರಾ

ಕಥಾ ಸಂಕಲನದ ಕರಡು ಕೊಟ್ಟ ಮೇಲೆ ಪ್ರಕಾಶಕರು ಇನ್ನೊಂದು ಕೆಲಸ ಹಚ್ಚಿದರು. ಪ್ರತಿ ಕಥೆಗೂ ಒಂದು ಪ್ಯಾರಾ ಪರಿಚಯ, 50 ಪದದೊಳಗೆ. 11 ಕಥೆಗಳಲ್ಲಿ 10 ಬೇಗ ಮುಗಿದವು. 'ಹಲಸಿನ ಲೆಕ್ಕ' ಮಾತ್ರ ನಾಲ್ಕು ದಿನ ತಿಂದಿತು.

ಕಥೆ ಇಷ್ಟೇ. ರಿಟೈರಾದ ಮೇಷ್ಟ್ರೊಬ್ಬರಿಗೆ ಪಕ್ಕದ ಮನೆಯ ಹಲಸಿನ ಎಲೆ ತಮ್ಮ ಅಂಗಳಕ್ಕೆ ಬೀಳುತ್ತದೆ ಅಂತ ಸಿಟ್ಟು. ದಿನಾ ಎಣಿಸಿ ಬರೆದಿಡುತ್ತಾರೆ. ಆಮೇಲೆ ಪಕ್ಕದ ಮನೆಯ ರಾಯರು ತೀರಿಕೊಳ್ಳುತ್ತಾರೆ, ಮಕ್ಕಳು ಬಂದು ಮರ ಕಡಿಸುತ್ತಾರೆ. ಮೇಷ್ಟ್ರು ಲೆಕ್ಕ ನಿಲ್ಲಿಸುವುದಿಲ್ಲ. ದಿನಾ 'ಸೊನ್ನೆ' ಅಂತ ಬರೆಯುತ್ತಾರೆ. (ಅಂತ್ಯ ಹೇಳಿಬಿಟ್ಟೆ. ಇಲ್ಲಿ ಬೇರೆ ದಾರಿಯಿಲ್ಲ.)

ಮೊದಲು ಬರೆದದ್ದು ಹೀಗಿತ್ತು: "ನಿವೃತ್ತ ಶಿಕ್ಷಕನೊಬ್ಬ ಮರದ ವಿಷಯಕ್ಕೆ ನೆರೆಯವನೊಡನೆ ವೈಷಮ್ಯ ಬೆಳೆಸಿಕೊಳ್ಳುತ್ತಾನೆ. ಇಳಿವಯಸ್ಸಿನ ಒಂಟಿತನವನ್ನು ಮನಮುಟ್ಟುವಂತೆ ಚಿತ್ರಿಸುವ ಕಥೆ."

ಸಾವಿನ ಸುದ್ದಿ ಎತ್ತಿಲ್ಲ, ಗುಟ್ಟು ಉಳಿದಿದೆ ಅಂದುಕೊಂಡೆ. ಕಥೆ ಓದಿರದ ತಂಗಿಗೆ ತೋರಿಸಿ, ಮುಂದೇನಾಗಬಹುದು ಹೇಳು ಅಂದೆ. "ಪಕ್ಕದ ಮನೆಯವ್ರು ಹೋಗ್ಬಿಡ್ತಾರೆ, ಇವ್ರಿಗೆ ಬೇಜಾರಾಗುತ್ತೆ, ಅಲ್ವಾ?" ಅಂದಳು.

ಬಾಯಿಬಿಟ್ಟದ್ದು 'ಒಂಟಿತನ'. ಇಡೀ ಕಥೆಯಲ್ಲಿ ಆ ಪದ ಒಂದು ಸಲವೂ ಇಲ್ಲ. ಕೊನೆಯ ಪುಟದಲ್ಲಿ ಓದುವವರೇ ಹೋಗಿ ಮುಟ್ಟಬೇಕಾದ ಜಾಗ ಅದು. ಘಟನೆ ಮುಚ್ಚಿಟ್ಟು, ಅದರ ಅರ್ಥವನ್ನು ಬಾಗಿಲಲ್ಲೇ ಹಂಚಿಬಿಟ್ಟಿದ್ದೆ.

ಧಾಟಿಯೂ ಕೆಟ್ಟಿತ್ತು. ಕಥೆಯಲ್ಲಿ ಮೇಷ್ಟ್ರನ್ನು ಯಾರೂ ಏಕವಚನದಲ್ಲಿ ಕರೆಯುವುದಿಲ್ಲ. ನಿರೂಪಣೆಯೂ 'ಅವರು' ಅಂತಲೇ ನಡೆಯುತ್ತದೆ, ಅದರಲ್ಲೇ ಸಣ್ಣ ನಗುವಿದೆ. 'ಶಿಕ್ಷಕನೊಬ್ಬ', 'ಬೆಳೆಸಿಕೊಳ್ಳುತ್ತಾನೆ' ಅಂದ ಕೂಡಲೇ ಪೊಲೀಸ್ ವರದಿಯ ಹಾಗಾಯಿತು. ಇನ್ನು 'ವೈಷಮ್ಯ' ಅಂದರೆ ಮೇಷ್ಟ್ರೇ ಗಾಬರಿಯಾಗುತ್ತಿದ್ದರು.

ಹಾಗಾಗಿ ಎರಡು ಕಟ್ಟುಪಾಡು ಹಾಕಿಕೊಂಡೆ. ಒಂಬತ್ತು ಪುಟದ ಕಥೆಯಲ್ಲಿ ಮೊದಲ ಮೂರು ಪುಟ ದಾಟುವಂತಿಲ್ಲ. ಕಥೆಯೊಳಗೆ ಇಲ್ಲದ ದೊಡ್ಡ ಪದ ತರುವಂತಿಲ್ಲ. ಹೀಗಾಯಿತು:

"ಪಕ್ಕದ ಮನೆಯ ಹಲಸಿನ ಮರದಿಂದ ಮೇಷ್ಟ್ರ ಅಂಗಳಕ್ಕೆ ಸೋಮವಾರ ಬಿದ್ದ ಎಲೆ 43. ಮಂಗಳವಾರ 51. ಇಂಥ ಲೆಕ್ಕದಿಂದ 200 ಪುಟದ ನೋಟ್‌ಬುಕ್ಕೊಂದು ತುಂಬಿದೆ. ರಾಯರು ಅದನ್ನು ನೋಡಿಲ್ಲ, ನೋಡುವ ಆಸೆಯೂ ಅವರಿಗಿಲ್ಲ. ಮೇಷ್ಟ್ರು ಈಗ ಎರಡನೇ ನೋಟ್‌ಬುಕ್ಕು ತಂದಿದ್ದಾರೆ."

ಕೊನೆಯಲ್ಲಿ "ಈ ಲೆಕ್ಕ ಎಲ್ಲಿಗೆ ಮುಟ್ಟೀತು?" ಅಂತ ಒಂದು ಪ್ರಶ್ನೆ ಇತ್ತು. ಹೊಡೆದುಹಾಕಿದೆ. ಎರಡನೇ ನೋಟ್‌ಬುಕ್ಕು ಆ ಪ್ರಶ್ನೆಯನ್ನು ಸುಮ್ನೆ ಕೇಳುತ್ತಿದೆ, ನಾನ್ಯಾಕೆ ಮತ್ತೆ ಕೂಗಬೇಕು?

ಸ್ಪರ್ಧೆಗೋ ಸಂಪಾದಕರಿಗೋ ಪೂರ್ತಿ ಸಾರಾಂಶ ಕೇಳಿದರೆ ಇದು ನಡೆಯುವುದಿಲ್ಲ. ಅಲ್ಲಿ ಸೊನ್ನೆಯವರೆಗೂ ಹೇಳಲೇಬೇಕು.

ತಂಗಿಗೆ ಮತ್ತೆ ಓದಿಸಿದೆ. "ಕೋರ್ಟಿಗೆ ಹೋಗ್ತಾರಾ?" ಅಂತ ನಗುತ್ತಾ ಕೇಳಿದಳು. ಅವತ್ತೇ ಕಳಿಸಿಬಿಟ್ಟೆ.