ಎರಡು ಸಿಮೆಂಟ್ ಕಂಪನಿಗಳ ನಿಜವಾದ ಬೆಲೆ: ನನ್ನ ಅನುಭವ

ಕಲಬುರಗಿಯಲ್ಲಿ ತೆರಿಗೆ ಮತ್ತು ಲೆಕ್ಕಪತ್ರದ ಕೆಲಸ ಮಾಡುವ ನನ್ನ ಬಳಿ ಷೇರಿನ ವಿಚಾರ ಕೇಳಲು ಬರುವವರು ಹೆಚ್ಚಾಗಿ ಸಿಮೆಂಟ್ ಕಂಪನಿಗಳ ಬಗ್ಗೆಯೇ ಕೇಳುತ್ತಾರೆ. ವಾಡಿ, ಸೇಡಂ, ಚಿತ್ತಾಪುರದ ಸುಣ್ಣಕಲ್ಲು ಮತ್ತು ಕಾರ್ಖಾನೆಗಳನ್ನು ನೋಡುತ್ತ ಬೆಳೆದವರಿಗೆ ಅದು ಸಹಜ. ಹಾಗೆ ಬಂದ ಬೇಳೆ ಮಿಲ್ಲಿನ ಮಾಲೀಕರೊಬ್ಬರು ಎರಡು ಕಂಪನಿಗಳ ವಾರ್ಷಿಕ ವರದಿಗಳನ್ನು ಮೇಜಿನ ಮೇಲಿಟ್ಟು, “ಸರ, ಎರಡೂ ಒಂದೇ ಅಳತಿ ಕಾರ್ಖಾನಿ. ಇದು ನಾಲ್ಕು ಸಾವಿರ ಕೋಟಿಗಿ ಸಿಗ್ಲಾಕತ್ತದ, ಅದು ಆರು ಸಾವಿರ. ಅಗ್ಗ ಯಾವುದಂತ ಕೇಳೋದೇ ಬ್ಯಾಡಲ್ಲ?” ಎಂದರು.

ಅವರು ಹೇಳಿದ್ದು ಮಾರ್ಕೆಟ್ ಕ್ಯಾಪ್, ಅಂದರೆ ಷೇರಿನ ದರವನ್ನು ಒಟ್ಟು ಷೇರುಗಳ ಸಂಖ್ಯೆಯಿಂದ ಗುಣಿಸಿದ ಮೊತ್ತ. ಅದು ಷೇರುದಾರರ ಪಾಲಿನ ಬೆಲೆಯೇ ಹೊರತು ಇಡೀ ವ್ಯವಹಾರದ ಬೆಲೆಯಲ್ಲ. ನಾನು ಅವರ ಕಸುಬಿನಿಂದಲೇ ಉತ್ತರ ಕೊಟ್ಟೆ: ಬ್ಯಾಂಕಿನ ಸಾಲವಿರುವ ಮಿಲ್ಲನ್ನು ಕೊಳ್ಳುವವನು ಮಾಲೀಕನಿಗೆ ಕೊಡುವ ಹಣದ ಜೊತೆಗೆ ಆ ಸಾಲವನ್ನೂ ಹೊರುತ್ತಾನೆ, ತಿಜೋರಿಯಲ್ಲಿರುವ ನಗದು ಮಾತ್ರ ಅವನಿಗೆ ವಾಪಸು ಬರುತ್ತದೆ. ಹೀಗೆ ಮಾರ್ಕೆಟ್ ಕ್ಯಾಪ್‌ಗೆ ಸಾಲ ಕೂಡಿಸಿ, ನಗದು ಕಳೆದಾಗ ಸಿಗುವುದೇ ಎಂಟರ್‌ಪ್ರೈಸ್ ವ್ಯಾಲ್ಯೂ. ಅಂಗಸಂಸ್ಥೆಗಳಲ್ಲಿ ಹೊರಗಿನವರ ಪಾಲಿದ್ದರೆ ಅದನ್ನೂ ಕೂಡಿಸಬೇಕು, ಆದರೆ ಈ ಎರಡರಲ್ಲಿ ಲೆಕ್ಕಕ್ಕೆ ಬರುವಷ್ಟು ಇರಲಿಲ್ಲ.

ಅಂಕಿಗಳನ್ನು ದುಂಡಗೆ ಮಾಡಿ ಹೇಳುತ್ತೇನೆ. ಎರಡೂ ಕಂಪನಿಗಳ ಸಾಮರ್ಥ್ಯ ವರ್ಷಕ್ಕೆ 1 ಕೋಟಿ ಟನ್. ಬಡ್ಡಿ, ತೆರಿಗೆ ಮತ್ತು ಸವಕಳಿಗೆ ಮುಂಚಿನ ಲಾಭ, ಅಂದರೆ ಎಬಿಟ್ಡಾ, ಎರಡರದ್ದೂ 700 ಕೋಟಿ ರೂಪಾಯಿ. ಮೊದಲನೆಯದಕ್ಕೆ 3,200 ಕೋಟಿ ಸಾಲ, 200 ಕೋಟಿ ನಗದು. ಆದ್ದರಿಂದ ವ್ಯವಹಾರದ ಬೆಲೆ 7,000 ಕೋಟಿ, ಎಬಿಟ್ಡಾದ 10 ಪಟ್ಟು. ಎರಡನೆಯದಕ್ಕೆ ಸಾಲ 300 ಕೋಟಿಯಷ್ಟೇ. ನಗದು, ಬ್ಯಾಂಕ್ ಶಿಲ್ಕು ಮತ್ತು ಲಿಕ್ವಿಡ್ ಫಂಡ್‌ಗಳು ಸೇರಿ 1,300 ಕೋಟಿ.

ಆ 1,300 ಕೋಟಿಯನ್ನು ನಾನು ಹಾಗೆಯೇ ಕಳೆಯಲಿಲ್ಲ. ಬ್ಯಾಲೆನ್ಸ್ ಶೀಟಿನಲ್ಲಿ ನಗದಿನ ಕೆಳಗೆ ‘ಇತರ ಬ್ಯಾಂಕ್ ಶಿಲ್ಕು’ ಎಂಬ ಇನ್ನೊಂದು ಸಾಲಿರುತ್ತದೆ. ಅದರ ಟಿಪ್ಪಣಿಯನ್ನು ತೆರೆದರೆ ಬ್ಯಾಂಕ್ ಗ್ಯಾರಂಟಿಗೆ ಮಾರ್ಜಿನ್ ಆಗಿ ಇಟ್ಟ ಠೇವಣಿ, ಷೇರುದಾರರು ಪಡೆಯದೆ ಉಳಿದ ಡಿವಿಡೆಂಡ್ ಹಣ ಮುಂತಾದವು ಕಾಣುತ್ತವೆ. ಕಂಪನಿ ತನ್ನ ಇಷ್ಟದಂತೆ ಖರ್ಚು ಮಾಡಲಾಗದ ಅಂಥ 200 ಕೋಟಿಯನ್ನು ಬಿಟ್ಟು 1,100 ಕೋಟಿ ಮಾತ್ರ ಕಳೆದೆ. ವ್ಯವಹಾರದ ಬೆಲೆ 5,200 ಕೋಟಿಯಾಯಿತು, ಸುಮಾರು ಏಳೂವರೆ ಪಟ್ಟು. ನಗದನ್ನು ಕಳೆದ ಮೇಲೆ ಅದರಿಂದ ಬರುವ ಬಡ್ಡಿಯನ್ನು ಎಬಿಟ್ಡಾದಲ್ಲಿ ಉಳಿಸಿಕೊಳ್ಳಬಾರದು. ‘ಇತರ ಆದಾಯ’ವನ್ನು ನಾನು ಮೊದಲೇ ಹೊರಗಿಟ್ಟಿದ್ದೆ. ಇಲ್ಲವಾದರೆ ಒಂದೇ ಹಣದ ಲಾಭ ಎರಡು ಸಲ ಲೆಕ್ಕಕ್ಕೆ ಸೇರುತ್ತದೆ.

ನನ್ನನ್ನು ಹೆಚ್ಚು ಹೊತ್ತು ಹಿಡಿದದ್ದು ಮೊದಲನೆಯ ಕಂಪನಿಯ ಸಾಲ. ಬ್ಯಾಲೆನ್ಸ್ ಶೀಟು ತೋರಿಸುವುದು ಮಾರ್ಚ್ 31ರ ಒಂದು ದಿನದ ಚಿತ್ರವನ್ನು ಮಾತ್ರ. ಹಿಂದಿನ ವರ್ಷದ ಸಾಲ 3,000 ಕೋಟಿ, ಈ ವರ್ಷದ್ದು 3,200, ಸರಾಸರಿ 3,100. ಲಾಭ-ನಷ್ಟ ಪಟ್ಟಿಯಲ್ಲಿ ಬಡ್ಡಿ ವೆಚ್ಚ 370 ಕೋಟಿ, ಅಂದರೆ ಸುಮಾರು ಶೇಕಡ 12. ಆದರೆ ಸಾಲದ ಟಿಪ್ಪಣಿಯಲ್ಲಿ ನಮೂದಾಗಿದ್ದ ದರಗಳು ಶೇಕಡ 9ರ ಆಸುಪಾಸಿನಲ್ಲಿದ್ದವು. ಬ್ಯಾಂಕ್ ಶುಲ್ಕ, ಗುತ್ತಿಗೆ ಆಸ್ತಿಗಳ ಬಡ್ಡಿ ಇವೂ ಈ ವೆಚ್ಚದಲ್ಲಿ ಸೇರಿರುತ್ತವೆ, ನಿಜ; ಅವುಗಳನ್ನು ತೆಗೆದರೂ ಅಂತರ ತುಂಬಲಿಲ್ಲ. ವರ್ಷದ ನಡುವೆ ಸಾಲ ಇದಕ್ಕಿಂತ ಹೆಚ್ಚಿರಬೇಕೆಂದು ಅನಿಸಿ, ಲಿಸ್ಟೆಡ್ ಕಂಪನಿಗಳು ಸೆಪ್ಟೆಂಬರ್ ಫಲಿತಾಂಶದ ಜೊತೆ ಪ್ರಕಟಿಸುವ ಅರ್ಧವಾರ್ಷಿಕ ಆಸ್ತಿ-ಹೊಣೆ ಪಟ್ಟಿಯನ್ನು ತೆಗೆದು ನೋಡಿದೆ. ಅಲ್ಲಿ ಸಾಲ 3,900 ಕೋಟಿ ಇತ್ತು, ನಗದು ಮಾತ್ರ ಹೆಚ್ಚುಕಡಿಮೆ ಮಾರ್ಚ್‌ನಲ್ಲಿದ್ದ 200 ಕೋಟಿಯಷ್ಟೇ. ಮಾರ್ಚ್ ಹತ್ತಿರವಾದಂತೆ ಪೂರೈಕೆದಾರರಿಗೆ ಕೊಡಬೇಕಾದ ಬಾಕಿ ಏರಿತ್ತು, ಸಾಲ ಇಳಿದಿತ್ತು. ಸೆಪ್ಟೆಂಬರ್‌ನ ಸಾಲವನ್ನು ಹಿಡಿದು ಲೆಕ್ಕ ಹಾಕಿದರೆ ವ್ಯವಹಾರದ ಬೆಲೆ 7,700 ಕೋಟಿ, ಅಂದರೆ 11 ಪಟ್ಟು.

ಆದರೂ ಈ ಕಂಪನಿಗೆ ಅನ್ಯಾಯವಾಗಬಾರದೆಂದು ಇನ್ನೊಂದು ತಿದ್ದುಪಡಿ ಮಾಡಿದೆ. ಸಾಲದ ಒಂದು ಭಾಗ ಸುಣ್ಣಕಲ್ಲು ಸುಡಲು ಇನ್ನೂ ಕಟ್ಟುತ್ತಿದ್ದ ಹೊಸ ಗೂಡಿಗೆ ಹೋಗಿತ್ತು. ಅದರ ಸಾಲ ಲೆಕ್ಕದಲ್ಲಿದೆ, ಗಳಿಕೆ ಇನ್ನೂ ಬಂದಿಲ್ಲ. ಹಾಗಾಗಿ ನಿರ್ಮಾಣ ಹಂತದಲ್ಲಿದ್ದ 600 ಕೋಟಿಯನ್ನು ಕಳೆದೆ. ಉಳಿದದ್ದು 7,100 ಕೋಟಿ, ಹತ್ತು ಪಟ್ಟಿಗಿಂತ ತುಸು ಹೆಚ್ಚು.

ಮಿಲ್ಲಿನ ಮಾಲೀಕರು ಹಾಳೆಯನ್ನು ತಮ್ಮತ್ತ ತಿರುಗಿಸಿಕೊಂಡು ಟನ್ನಿನ ಲೆಕ್ಕವನ್ನು ತಾವೇ ಹಾಕಿದರು: ಒಂದು ಟನ್ ಸಾಮರ್ಥ್ಯಕ್ಕೆ ಮೊದಲನೆಯದರಲ್ಲಿ 7,100 ರೂಪಾಯಿ, ಎರಡನೆಯದರಲ್ಲಿ 5,200. ಆಮೇಲೆ ತಮ್ಮ ಬಳಿಯಿದ್ದ ಒಂದು ಬ್ಯಾಂಕಿನ ಷೇರಿಗೂ ಹೀಗೆಯೇ ನೋಡೋಣ ಎಂದರು. ಅದು ಆಗದು ಎಂದೆ. ಬ್ಯಾಂಕಿಗೆ ಠೇವಣಿ ಮತ್ತು ಸಾಲವೇ ವ್ಯಾಪಾರದ ಕಚ್ಚಾ ಸರಕು, ಅದನ್ನು ಬೆಲೆಗೆ ಕೂಡಿಸಿದರೆ ಬರುವ ಅಂಕಿಗೆ ಅರ್ಥವಿರುವುದಿಲ್ಲ. ಅಲ್ಲಿ ಪುಸ್ತಕ ಮೌಲ್ಯ ಮತ್ತು ವಸೂಲಾಗದ ಸಾಲದ ಪ್ರಮಾಣವನ್ನೇ ನೋಡಬೇಕು.